ಗುನುಗಿದರೆ ಹಾಡು ಏಕೆ ಸಿಗುವುದಿಲ್ಲ?

“ವಿಡಿಯೊದಲ್ಲಿ ಮಾತಿನ ಹಿಂದೆ ಕೇಳುವ ಹಾಡನ್ನೂ ಶಜಾಮ್ ಆ್ಯಪ್ ಗುರುತಿಸುತ್ತದೆ, ನಾನು ಗುನುಗಿದರೆ, ಅಥವಾ ರೀಮಿಕ್ಸ್ ಹಾಕಿದರೆ ಏಕೆ ಸೋಲುತ್ತದೆ?”

ಶಜಾಮ್ ಹುಡುಕುವುದು ಧಾಟಿಯನ್ನಲ್ಲ, ಒಂದು ನಿರ್ದಿಷ್ಟ ಧ್ವನಿಮುದ್ರಣವನ್ನು. ಸುತ್ತಲಿನ ಸದ್ದಿಗಿಂತ ಎದ್ದು ಕೇಳುವ ಸ್ವರಬಿಂದುಗಳನ್ನು ಮಾತ್ರ ಆರಿಸಿಕೊಂಡು, ಎರಡೆರಡು ಬಿಂದುಗಳ ಆವರ್ತನಗಳನ್ನೂ ಅವುಗಳ ನಡುವಿನ ಕಾಲದ ಅಂತರವನ್ನೂ ಸೇರಿಸಿ ಅದು ಒಂದೊಂದು ಗುರುತು ಮಾಡುತ್ತದೆ. ಮಾತಿನ ಗದ್ದಲದಲ್ಲಿ ಹಲವು ಗುರುತುಗಳು ಅಳಿದರೂ, ಉಳಿದ ಕೆಲವು ಮೂಲದ ಕ್ರಮದಲ್ಲೇ ಸಾಲುಗೂಡಿದರೆ ಅದಕ್ಕೆ ಸಾಕು.

ನಿಮ್ಮ ಗುನುಗಿನಲ್ಲಿ ಆ ಮುದ್ರಣದ ವಾದ್ಯಗಳೇ ಇರುವುದಿಲ್ಲ, ಶ್ರುತಿ ಸರಿಯಿದ್ದರೂ (ನನ್ನದಂತೂ ಇರುವುದಿಲ್ಲ) ಬಿಂದುಗಳು ಬೇರೆಯೇ. ರೀಮಿಕ್ಸ್‌ಗಾಗಿ ಹಾಡನ್ನು ಶೇ. 6ರಷ್ಟು ವೇಗವಾಗಿ ಓಡಿಸಿದರೆ 440 ಹರ್ಟ್ಸ್‌ನ ಸ್ವರ ಸುಮಾರು 466ಕ್ಕೆ ಏರುತ್ತದೆ, ಒಂದು ಸೆಕೆಂಡಿನ ಅಂತರ 0.94ಕ್ಕೆ ಇಳಿಯುತ್ತದೆ, ಹಾಗಾಗಿ ಬಹುತೇಕ ಯಾವ ಗುರುತೂ ತಾಳೆಯಾಗುವುದಿಲ್ಲ. ಆ ರೀಮಿಕ್ಸ್ ಪ್ರತ್ಯೇಕವಾಗಿ ಶಜಾಮ್‌ನ ಸಂಗ್ರಹಕ್ಕೆ ಸೇರಿದ್ದರೆ ಮಾತ್ರ ಅದು ಸಿಕ್ಕೀತು. ಗುನುಗಿ ಹುಡುಕಲು, ಧಾಟಿಯನ್ನೇ ಹೋಲಿಸುವ ಗೂಗಲ್‌ನ 2020ರ ಸೌಲಭ್ಯವನ್ನು ಬಳಸಿ.