ಪ್ರತಿಧ್ವನಿಯಿಂದ ದೂರ ಅಳೆಯುವುದು

"ಬಂಡೆಗೆ ಎದುರಾಗಿ ಕೂಗಿ ಸ್ಟಾಪ್‌ವಾಚ್ ಒತ್ತುತ್ತೇನೆ. ಒಮ್ಮೆ 105 ಮೀಟರ್ ಬರುತ್ತದೆ, ಇನ್ನೊಮ್ಮೆ 140. ಯಾಕೆ?"

ತಪ್ಪು ಬೆರಳಿನದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಹೋಗುತ್ತದೆ (25 ಡಿಗ್ರಿ ಸೆಲ್ಸಿಯಸ್‌ನಲ್ಲಿ). ಹೋಗಿ ಬರುವ ದಾರಿ ಅಲ್ವಾ, ಅರ್ಧ ಮಾಡಿದರೆ 173. ಗುಂಡಿ ಒತ್ತುವುದು 0.2 ಸೆಕೆಂಡ್ ಆಚೀಚೆಯಾದರೂ ಸಾಕು, 35 ಮೀಟರ್ ವ್ಯತ್ಯಾಸ ಬಂದುಬಿಡುತ್ತದೆ.

ಕೂಗುವುದನ್ನು ಬಿಟ್ಟು ಚಪ್ಪಾಳೆ ತಟ್ಟಿ ನೋಡಿ. ಕೂಗು ಎಳೆದುಕೊಂಡು ಹೋಗುತ್ತದೆ, ಚಪ್ಪಾಳೆ ಚಟ್ ಅಂತ ಮುಗಿಯುತ್ತದೆ. ಮೊದಲು ನಿಧಾನವಾಗಿ ಒಂದೇ ಲಯದಲ್ಲಿ ತಟ್ಟಿ, ಆಮೇಲೆ ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿಸಿ. ಒಂದು ಹಂತದಲ್ಲಿ ಹಿಂದಿನ ಚಪ್ಪಾಳೆಯ ಪ್ರತಿಧ್ವನಿ ಸರಿಯಾಗಿ ಮುಂದಿನ ಚಪ್ಪಾಳೆಯ ಮೇಲೆಯೇ ಬಂದು ಬೀಳುತ್ತದೆ, ಬೇರೆಯಾಗಿ ಕೇಳಿಸುವುದೇ ಇಲ್ಲ. ಆ ಲಯವನ್ನೇ ಹಿಡಿದುಕೊಳ್ಳಿ. ಗೆಳೆಯರೊಬ್ಬರು ಸಮಯ ನೋಡಲಿ. ಮೊದಲ ಚಪ್ಪಾಳೆಗೆ "ಸೊನ್ನೆ" ಅಂತ ಶುರು ಮಾಡಿ 20ರವರೆಗೆ ಎಣಿಸಿ. "ಒಂದು" ಅಂತ ಶುರು ಮಾಡಿದರೆ ಲೆಕ್ಕ ತಪ್ಪುತ್ತದೆ.

14 ಸೆಕೆಂಡ್ ಆಯಿತು ಅಂದುಕೊಳ್ಳಿ. ಒಂದಕ್ಕೆ 0.7 ಸೆಕೆಂಡ್, ದೂರ 173 × 0.7, ಅಂದರೆ ಸುಮಾರು 121 ಮೀಟರ್. ಅದೇ 0.2 ಸೆಕೆಂಡಿನ ತಪ್ಪು ಈಗ 20 ಪಾಲಾಗಿ ಹಂಚಿಹೋಗುತ್ತದೆ. ವ್ಯತ್ಯಾಸ ಎರಡು ಮೀಟರ್ ಕೂಡ ದಾಟುವುದಿಲ್ಲ.

ವೇಗವಾಗಿ ತಟ್ಟುತ್ತಾ ಶುರು ಮಾಡಬೇಡಿ. ಪ್ರತಿಧ್ವನಿ ಒಂದು ಚಪ್ಪಾಳೆ ಬಿಟ್ಟು ಅದರ ಮುಂದಿನದರ ಜೊತೆ ಸೇರಿಕೊಂಡರೆ ದೂರ ಅರ್ಧಕ್ಕರ್ಧ ಕಡಿಮೆ ಬರುತ್ತದೆ.