ಪ್ರತಿಕ್ರಿಯೆ: ಸರಾಸರಿ ಪ್ರೀಮಿಯಂ 12,500 ಬಂದರೂ ಉತ್ತರ 20,000 ಯಾಕೆ?

"ಅರ್ಧ ಜನಕ್ಕೆ ನಷ್ಟದ ಸಂಭವ 20%, ಉಳಿದವರಿಗೆ 5%. ನಷ್ಟ 1 ಲಕ್ಷ ರೂ. ಅವರು ಹೆಚ್ಚೆಂದರೆ ಕೊಡುವುದು 24,000 ಮತ್ತು 7,000. ನನಗೆ ಪ್ರೀಮಿಯಂ 12,500 ಬಂತು, ಪುಸ್ತಕದಲ್ಲಿ 20,000 ಇದೆ. ಎಲ್ಲಿ ತಪ್ಪಿದೆ?"

ನೀವು ಬಹುಶಃ ಸರಾಸರಿ ತೆಗೆದು ಅಲ್ಲಿಗೇ ನಿಲ್ಲಿಸಿದ್ದೀರಿ. ಆ ದರಕ್ಕೆ ಯಾರು ಕೊಳ್ಳುತ್ತಾರೆ ಅಂತ ನೋಡಬೇಕಿತ್ತು.

ಮೊದಲು ನಿರೀಕ್ಷಿತ ನಷ್ಟ: 20,000 ಮತ್ತು 5,000. ಯಾರು ಯಾವ ಗುಂಪಿನವರು ಅಂತ ವಿಮಾ ಕಂಪನಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಎಲ್ಲರಿಗೂ ಒಂದೇ ದರ. ಅರ್ಧರ್ಧ ಇರುವುದರಿಂದ ಸರಾಸರಿ 12,500. ಇಲ್ಲಿವರೆಗೆ ಸರಿ.

ಈಗ ಈ ದರವನ್ನು ಇಬ್ಬರ ಮಿತಿಯ ಜೊತೆ ಹೋಲಿಸಿ. ಕಡಿಮೆ ಅಪಾಯದವರ ಮಿತಿ 7,000, ಹಾಗಾಗಿ ಅವರು ಕೊಳ್ಳುವುದಿಲ್ಲ. ಉಳಿಯುವುದು ಹೆಚ್ಚು ಅಪಾಯದವರು ಮಾತ್ರ. ಅವರಿಂದ 12,500 ತಗೊಂಡರೆ ಕಂಪನಿಗೆ ತಲಾ 7,500 ನಷ್ಟ, ಅಲ್ವಾ? ಆದ್ದರಿಂದ ಉಳಿದವರಿಗಷ್ಟೇ ಲೆಕ್ಕ ಹಾಕಿದರೆ ದರ 20,000. ಇದು 24,000ಕ್ಕಿಂತ ಕಡಿಮೆ, ಅವರು ಕೊಳ್ಳುತ್ತಾರೆ. ಇನ್ಯಾರೂ ಬಿಡುವುದಿಲ್ಲವಾದ್ದರಿಂದ ಇಲ್ಲಿ ನಿಲ್ಲಬಹುದು.

ಬೇಸರದ ವಿಷಯ ಅಂದರೆ, ಕಡಿಮೆ ಅಪಾಯದವರು 5,000 ಖರ್ಚಿನ ವಿಮೆಗೆ 7,000 ಕೊಡಲು ಸಿದ್ಧರಿದ್ದರೂ ಅವರಿಗೆ ವಿಮೆ ಸಿಗುವುದಿಲ್ಲ.

ಅನುಪಾತ ಬದಲಾದರೆ ಉತ್ತರವೂ ಬದಲಾಗುತ್ತದೆ. ಹೆಚ್ಚು ಅಪಾಯದವರ ಪಾಲು h ಆದರೆ:

```
5000 + 15000h <= 7000
h <= 2/15
```

ಅಂದರೆ ಸುಮಾರು 13% ವರೆಗೆ ಇಬ್ಬರೂ ಉಳಿಯುತ್ತಾರೆ. 10% ಹಾಕಿ ನೋಡಿ, ದರ 6,500 ಬರಬೇಕು.

ಕಂಪನಿಗೆ ಲಾಭವೂ ಇಲ್ಲ, ಕಚೇರಿ ಖರ್ಚೂ ಇಲ್ಲ ಅಂತ ನಾನು ಹಿಡಿದಿದ್ದೇನೆ. ನಿಮ್ಮ ಪುಸ್ತಕದಲ್ಲಿ ಖರ್ಚು ಕೊಟ್ಟಿದ್ದರೆ ಪ್ರತಿ ಹಂತದ ದರಕ್ಕೂ ಅದನ್ನು ಸೇರಿಸಿ.