ಮಂಗನ ಕೈಯಲ್ಲಿ ಒತ್ತೆ ಬಿದ್ದ ಚೀಲ

ಪ್ರಶ್ನೆ: ಯಾದಗಿರಿ ಕೋಟೆ ನೋಡಲು ಗುಡ್ಡ ಹತ್ತುವಾಗ ಮಂಗವೊಂದು ನನ್ನ ಹೆಂಡತಿಯ ಕೈಚೀಲ ಕಿತ್ತುಕೊಂಡು ಗೋಡೆಯ ಮೇಲೆ ಕುಳಿತಿತು. ಚುರುಮುರಿ ಚೆಲ್ಲಿದೆವು, ಕದಲಲಿಲ್ಲ. ಬಾಳೆಹಣ್ಣು ಎಸೆದ ಮೇಲೆ ಚೀಲ ಬಿಟ್ಟಿತು. ಅದಕ್ಕೆ ವ್ಯಾಪಾರ ಗೊತ್ತಿದೆಯೇ?

ಉತ್ತರ: ಚೀಲ ಸಿಕ್ಕ ಮೇಲೆ ಮಂಗ ಎತ್ತ ನೋಡುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಜಿಪ್ ಕಿತ್ತು, ಒಳಗೆ ಕೈಹಾಕಿ, ಸಿಕ್ಕಿದ್ದನ್ನು ಮೂಸಿ ಬಿಸಾಡುತ್ತಿದ್ದರೆ ಅದು ಹುಡುಕುತ್ತಿದ್ದದ್ದು ತಿಂಡಿಯನ್ನು. ಬಾಳೆಹಣ್ಣು ಕಂಡಾಗ ಅದನ್ನು ಹಿಡಿಯಲು ಕೈ ಬೇಕಾಯಿತು, ಚೀಲ ಬಿತ್ತು. ಇದರಲ್ಲಿ ವ್ಯಾಪಾರವೇನೂ ಇಲ್ಲ. ಚೀಲ ತೆರೆಯದೆ, ನಿಮ್ಮ ಕೈಯನ್ನೇ ನೋಡುತ್ತ ಕಾದು ಕುಳಿತಿದ್ದರೆ ಮಾತು ಬೇರೆ. ಅದು ನಿಮ್ಮ ಚೀಲವನ್ನು ಒತ್ತೆ ಇಟ್ಟುಕೊಂಡಿತ್ತು. ಚುರುಮುರಿಗೆ ಒಪ್ಪದೆ ಬಾಳೆಹಣ್ಣಿಗೆ ಒಪ್ಪಿದ್ದು ಆ ಕಡೆ ಬೆರಳು ತೋರಿಸುತ್ತದೆ, ಆದರೆ ಒಂದೇ ಘಟನೆಯಿಂದ ತೀರ್ಪು ಕೊಡಲಾಗದು.

ಒತ್ತೆಯ ವ್ಯವಹಾರ ಕಟ್ಟುಕತೆಯಲ್ಲ. ಇಂಡೋನೇಷ್ಯಾದ ಬಾಲಿ ದ್ವೀಪದ ಉಲುವಾಟು ದೇವಸ್ಥಾನದ ಮಂಗಗಳು ಪ್ರವಾಸಿಗರ ಕನ್ನಡಕ, ಚಪ್ಪಲಿ, ಮೊಬೈಲ್ ಕಸಿದು, ತಿಂಡಿ ಸಿಕ್ಕಿದ ಮೇಲೆ ಮರಳಿಸುತ್ತವೆ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬೆಳೆದ ಮಂಗಗಳು ಜನ ಬಿಟ್ಟುಕೊಡಲಾರದ ಮೊಬೈಲಿನಂಥ ವಸ್ತುಗಳನ್ನೇ ಆರಿಸುತ್ತವೆ, ಅದಕ್ಕೆ ಒಳ್ಳೆಯ ತಿನಿಸು ಸಿಗುವವರೆಗೆ ಪಟ್ಟು ಬಿಡುವುದಿಲ್ಲ. ಮರಿಗಳಿಗೆ ಈ ತಾರತಮ್ಯ ತಿಳಿಯದು, ಸಿಕ್ಕಿದ್ದನ್ನು ಎಳೆಯುತ್ತವೆ. ಅಂದರೆ ಹುಟ್ಟಿನಿಂದ ಬಂದ ಗುಣ ಇದಲ್ಲ, ವರ್ಷಗಟ್ಟಲೆ ನೋಡಿ, ಮಾಡಿ ಕಲಿತ ಕಸುಬು.

ನಮ್ಮ ಕಡೆಯ ಮಂಗಗಳು ಕಲಿಯುವ ರೀತಿಯೂ ಬೇರೆಯಲ್ಲ. ಗುಂಪಿನ ದೊಡ್ಡ ಮಂಗ ಏನಾದರೂ ತಿಂದು ಬಂದರೆ ಮರಿಗಳು ಅದರ ಬಾಯಿಗೆ ಮೂಗು ತಾಗಿಸಿ ಮೂಸುವುದನ್ನು ನೀವೂ ನೋಡಿರಬಹುದು. ಬಿಸ್ಕತ್ತಿನ ವಾಸನೆ ಗೊತ್ತಾಯಿತು. ಅದು ಸರಬರ ಸದ್ದಿನ ಪ್ಲಾಸ್ಟಿಕ್ ಚೀಲದಿಂದ ಬಂತೆಂಬುದು ಕಣ್ಣಿಗೆ ಬಿತ್ತು. ಗಂಡು ಮಂಗಗಳು ಬೆಳೆದ ಮೇಲೆ ಹುಟ್ಟಿದ ಗುಂಪು ಬಿಟ್ಟು ಬೇರೆ ಗುಂಪು ಸೇರುತ್ತವೆ, ಕಲಿತದ್ದೂ ಅವುಗಳ ಜೊತೆ ಹೋಗುತ್ತದೆ.

ಲಾಭದ ಲೆಕ್ಕವನ್ನೂ ನೋಡಿ. ಬಿರುಬೇಸಿಗೆಯಲ್ಲಿ ಬಂಡೆಗಲ್ಲಿನ ಗುಡ್ಡದ ಮೇಲೆ ಚಿಗುರು, ಕಾಯಿ, ಹುಳು ಹೆಕ್ಕಿ ಹೊಟ್ಟೆ ತುಂಬಿಸಿಕೊಳ್ಳಲು ಗಂಟೆಗಟ್ಟಲೆ ಬೇಕು. ಒಂದು ಬಿಸ್ಕತ್ತಿನ ಪೊಟ್ಟಣ ಆ ಕೆಲಸವನ್ನು ನಿಮಿಷದಲ್ಲಿ ಮುಗಿಸುತ್ತದೆ. ಜೊತೆಗೆ ಈ ಮಂಗಗಳಿಗೆ ದವಡೆಯ ಪಕ್ಕ ಕೆನ್ನೆಚೀಲವಿದೆ. ಜಗಿಯದೆ ತುರುಕಿಕೊಂಡು ಓಡಿ, ಆಮೇಲೆ ಆರಾಮವಾಗಿ ತಿನ್ನಬಹುದು. ಕಪ್ಪು ಮೋರೆಯ ಮುಸಿಯಕ್ಕೆ ಈ ಸೌಕರ್ಯವಿಲ್ಲ, ಅದು ಎಲೆ ತಿನ್ನುವ ಪ್ರಾಣಿ.

ಇನ್ನು ಕಷ್ಟದ ಸಂಗತಿ. ನೀವು ಎಸೆದ ಬಾಳೆಹಣ್ಣು ಅಂದಿನ ಚೀಲದ ಬಿಡುಗಡೆಯೂ ಹೌದು, ನಾಳೆ ಬರುವವರ ಚೀಲಕ್ಕೆ ಕೊಟ್ಟ ಮುಂಗಡವೂ ಹೌದು. ಪ್ರತಿ ಸಲ ತಿಂಡಿ ಸಿಗುವ ಮಂಗಕ್ಕಿಂತ ಹತ್ತರಲ್ಲಿ ಮೂರು ಸಲ ಸಿಗುವ ಮಂಗ ಈ ಚಟವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಏಕೆಂದರೆ ಏಳು ಸಲ ಬರಿಗೈಲಿ ಹೋಗುವುದು ಅದಕ್ಕೆ ರೂಢಿಯಾಗಿದೆ. ಆದ್ದರಿಂದಲೇ ಶನಿವಾರ ಮಾತ್ರ ಹಣ್ಣು ಹಾಕುವ ಪುಣ್ಯವಂತರು ಉಳಿದ ಆರು ದಿನದ ಕಾಟವನ್ನೂ ಸಾಕುತ್ತಾರೆ. (ಇದನ್ನು ಹೇಳಿ ನಾನು ಹಲವರ ಮುನಿಸು ಕಟ್ಟಿಕೊಂಡಿದ್ದೇನೆ.)

ಎಲ್ಲರೂ ಸೇರಿ ತಿಂಡಿ ನಿಲ್ಲಿಸಿದರೆ ಮೊದಲ ದಿನಗಳಲ್ಲಿ ಕಾಟ ಹೆಚ್ಚುತ್ತದೆ. ಹಳೆಯ ಉಪಾಯ ಫಲಿಸದಾಗ ಪ್ರಾಣಿ ಅದನ್ನೇ ಇನ್ನಷ್ಟು ಜೋರಾಗಿ ಮಾಡಿ ನೋಡುತ್ತದೆ: ಸೀರೆ ಎಳೆಯುತ್ತದೆ, ಹಲ್ಲು ಕಿರಿಯುತ್ತದೆ. ಬಹಳ ಕಡೆ ಜನ ಸೋಲುವುದು ಇಲ್ಲೇ. ಹೆದರಿ ಒಂದು ಹಣ್ಣು ಕೊಟ್ಟರೆ, ಸೀರೆ ಎಳೆದರೆ ಸಿಗುತ್ತದೆ ಎಂಬ ಹೊಸ ಪಾಠ ಹೇಳಿಕೊಟ್ಟಂತೆ. ಅರ್ಧಕ್ಕೆ ಕೈಬಿಡುವ ಪ್ರಯತ್ನ ಶುರುಮಾಡದಿರುವುದೇ ವಾಸಿ.

ಮುಂದಿನ ಸಲ ತಿಂಡಿಯನ್ನು ಕೆಳಗೇ ಬಿಟ್ಟು, ಜಿಪ್ ಹಾಕಿದ ಚೀಲವನ್ನು ಎದೆಯ ಮೇಲೆ ಹಾಕಿಕೊಂಡು ಹತ್ತಿ. ಮಂಗ ಎದುರಾದರೆ ದಿಟ್ಟಿಸಿ ನೋಡಬೇಡಿ, ಅದರ ಭಾಷೆಯಲ್ಲಿ ಅದು ಜಗಳಕ್ಕೆ ಕರೆ. ಚೀಲ ಹೋಗಿಯೇ ಬಿಟ್ಟರೆ ಹಗ್ಗ ಜಗ್ಗಾಟಕ್ಕೆ ಇಳಿಯದೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲಿ. ಬರೀ ತಿಂಡಿ ಹುಡುಕುವ ಮಂಗ ಏನೂ ಸಿಗದಿದ್ದಾಗ ಸಾಮಾನ್ಯವಾಗಿ ತಾನೇ ಬಿಸಾಡುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ಕೇಳಿ.